ಇಪ್ಪತ್ತೈದು ಸಂಖ್ಯೆ, ಒಂದು ಮಾತು

ಕೇಳುಗರಿಗೆ ನಮಸ್ಕಾರ. ಸಂಖ್ಯಾಶಾಸ್ತ್ರ ಪಾಠ ಮಾಡೋ ಮೇಷ್ಟ್ರುಗಳು, ಸೆಮಿನಾರಿಗೆ ಸ್ಲೈಡ್ ಮಾಡೋ ವಿದ್ಯಾರ್ಥಿಗಳು ಇದನ್ನ ಕೇಳ್ತಿದ್ದೀರಿ ಅಂದುಕೊಂಡು ಮಾತಾಡ್ತೀನಿ. ನಾನು ಹೇಳೋದು ಒಂದೇ: ಪರದೆ ಮೇಲೆ ಒಂದು ಸಲಕ್ಕೆ ಒಂದೇ ಮಾತು ಇರಲಿ.

ಇದನ್ನ ಕಲಿತದ್ದು ನಾನೇ ಎಡವಿ. ದಾವಣಗೆರೆಯ ಒಂದು ಕಾಲೇಜಲ್ಲಿ ಮಧ್ಯಾಹ್ನ ಎರಡೂವರೆಗೆ ನನ್ನ ಉಪನ್ಯಾಸ. ಊಟಕ್ಕೆ ಮುಂಚೆ ಎಲ್ಲರೂ ಬೆಣ್ಣೆ ದೋಸೆ ಬೇರೆ ಹೊಡೆದು ಬಂದಿದ್ದರು. ನಾನು ತೋರಿಸಿದ್ದು mtcars ಅನ್ನೋ ಹಳೇ ದತ್ತಾಂಶ. 1974ರಲ್ಲಿ ಅಮೆರಿಕದ ಒಂದು ಮೋಟಾರು ಪತ್ರಿಕೆ ಛಾಪಿಸಿದ 32 ಕಾರುಗಳ ವಿವರ ಅದು; R ಕಲಿತವರಿಗೆಲ್ಲ ಪರಿಚಯ. ಕಾರಿನ ತೂಕ, ಎಂಜಿನ್ನಿನ ಅಶ್ವಶಕ್ತಿ, ಇವೆರಡರಿಂದ ಮೈಲೇಜ್ ಹೇಗೆ ಬದಲಾಗುತ್ತೆ ಅನ್ನೋ ಲೆಕ್ಕ. ಕಂಪ್ಯೂಟರ್ ಕೊಟ್ಟ ಉತ್ತರವನ್ನ ಹಾಗೇ ಸ್ಲೈಡಿಗೆ ಅಂಟಿಸಿದ್ದೆ. ಆಮೇಲೆ ಎಣಿಸಿದೆ, ಇಪ್ಪತ್ತೈದು ಸಂಖ್ಯೆ ಇದ್ದವು. ಕಣ್ಣಿಗೆ ಬೀಳಲಿ ಅಂತ ಒಂದು ಕಡೆ ಹಳದಿ ಬಳಿದಿದ್ದೆ, ಇನ್ನೊಂದು ಕಡೆ ಕೆಂಪು, ಮೂರನೇ ಕಡೆ ದಪ್ಪಕ್ಷರ. ನನಗೋ ಭಾರೀ ಖುಷಿ.

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ತೂಕದ್ದು 3.87783 ಐತಿ, ಅಶ್ವಶಕ್ತಿದು 0.03177. ಅಂದ್ರ ಅಶ್ವಶಕ್ತಿ ಲೆಕ್ಕಕ್ಕೇ ಇಲ್ಲ ಅಲ್ರೀ?" ಇಡೀ ತರಗತಿ ಹೌದು ಅಂತ ತಲೆ ಆಡಿಸಿತು. ಹಿಂದಿನಿಂದ ಇನ್ನೊಬ್ಬ, "1.12e-06 ಅಂದ್ರೇನ್ರೀ ಸರ್, ಅಚ್ಚಿನ ತಪ್ಪಾ?" ಅಂದ. ನನ್ನ ಉಳಿದ ಅರ್ಧ ಗಂಟೆ ಅದನ್ನ ಬಿಡಿಸೋದರಲ್ಲೇ ಹೋಯಿತು.

ಹುಡುಗಿಯದು ತಪ್ಪಲ್ಲ, ನನ್ನ ಪಟ್ಟಿಯದು. ಆ 3.87 ಇರೋದು ಸಾವಿರ ಪೌಂಡ್ ತೂಕಕ್ಕೆ. 0.03 ಇರೋದು ಒಂದೇ ಒಂದು ಅಶ್ವಶಕ್ತಿಗೆ. ಒಂದು ಕಡೆ ಮೂಟೆ, ಇನ್ನೊಂದು ಕಡೆ ಕಾಳು ಇಟ್ಟು ಯಾವುದು ದೊಡ್ಡದು ನೋಡಿ ಅಂದ ಹಾಗಾಯಿತು.

ಆ ರಾತ್ರಿ ಕೂತು ತಿದ್ದಿದೆ. ಮೊದಲು ಅಳತೆ. ಗ್ಯಾಲನ್ನಿಗೆ ಎಷ್ಟು ಮೈಲಿ ಅಂದರೆ ನಮ್ಮವರಿಗೆ ಏನು ಗೊತ್ತಾಗುತ್ತೆ? ಲೀಟರಿಗೆ ಕಿಲೋಮೀಟರ್ ಮಾಡಿದೆ. ತೂಕವನ್ನ 500 ಕಿಲೋ ಲೆಕ್ಕದಲ್ಲಿ, ಶಕ್ತಿಯನ್ನ 100 ಅಶ್ವಶಕ್ತಿ ಲೆಕ್ಕದಲ್ಲಿ ಇಟ್ಟೆ. ಆಗ ಬಂದದ್ದು ನೋಡಿ: ಶಕ್ತಿ ಅಷ್ಟೇ ಇದ್ದು ಕಾರು 500 ಕಿಲೋ ಭಾರವಾದರೆ ಲೀಟರಿಗೆ ಸುಮಾರು 1.8 ಕಿಲೋಮೀಟರ್ ಖೋತಾ. ತೂಕ ಅಷ್ಟೇ ಇದ್ದು 100 ಅಶ್ವಶಕ್ತಿ ಹೆಚ್ಚಾದರೆ ಸುಮಾರು 1.4 ಖೋತಾ. ಲೆಕ್ಕಕ್ಕೇ ಇಲ್ಲ ಅಂದಿದ್ದ ಅಶ್ವಶಕ್ತಿ ಎದ್ದು ಕೂತಿತು!

ಆಮೇಲೆ ಕತ್ತರಿ. t value ಕಾಲಂ ಬೇಕಾ? Estimate ಅನ್ನು Std. Error ಇಂದ ಭಾಗಿಸಿದರೆ ಬರೋದೇ ಅದು, ಹೊಸದೇನಿಲ್ಲ, ತೆಗೆದೆ. Intercept 37.2 ಅಂದರೆ ತೂಕವೂ ಇಲ್ಲದ, ಶಕ್ತಿಯೂ ಇಲ್ಲದ ಕಾರಿನ ಮೈಲೇಜ್. ಅಂಥ ಕಾರು ಯಾರ ಮನೆ ಮುಂದೆ ನಿಂತಿದೆ? ಅದೂ ಹೋಯಿತು. ಪ್ರಮಾಣದೋಷ, p ಬೆಲೆ ಎರಡನ್ನೂ ಬಿಟ್ಟು, ಅವು ಹೇಳಬೇಕಾದ್ದನ್ನ ಒಂದು ವ್ಯಾಪ್ತಿಯಾಗಿ ಬರೆದೆ: ನೂರಕ್ಕೆ 95ರ ವಿಶ್ವಾಸದಲ್ಲಿ ತೂಕದ್ದು 1.2 ರಿಂದ 2.4, ಶಕ್ತಿಯದ್ದು 0.6 ರಿಂದ 2.1. ಎರಡೂ ಸೊನ್ನೆ ದಾಟಿಲ್ಲ ಅನ್ನೋದು ಕೂತಲ್ಲೇ ಕಾಣುತ್ತೆ, ಆ e-06 ಓದೋ ಗೋಜಿಲ್ಲ. ಪೂರ್ತಿ ಪಟ್ಟಿ ಬೇಕಾದವರಿಗೆ ಜೆರಾಕ್ಸ್ ಹಾಳೆ ಕೊಡಿ. ದಯವಿಟ್ಟು ಪರದೆ ಮೇಲೆ ಬೇಡ, ಎಷ್ಟು ಸಲ ಹೇಳೋದು!

ಉಳಿದದ್ದು ಎರಡು ಸಾಲು. ತಲೆಬರಹದಲ್ಲಿ ಮುಂಚೆ 'ರಿಗ್ರೆಶನ್ ಫಲಿತಾಂಶಗಳು' ಅಂತಿತ್ತು. ಅದು ಡಬ್ಬಿ ಮೇಲೆ 'ಡಬ್ಬಿ' ಅಂತ ಬರೆದ ಹಾಗೆ. ಈಗ ಮಾತನ್ನೇ ಅಲ್ಲಿ ಬರೆದೆ: '500 ಕಿಲೋ ಹೆಚ್ಚಾದರೆ ಲೀಟರಿಗೆ 1.8 ಕಿ.ಮೀ. ಖೋತಾ'. ಒಂದು ಸಲಕ್ಕೆ ಒಂದೇ ಮಾತು ಅಂದೆನಲ್ಲ, ಹಾಗಾಗಿ ತೂಕದ ಸಾಲು ಮಾತ್ರ ಕಡು ನೀಲಿ, ಇನ್ನೊಂದು ಬೂದು. ಅಶ್ವಶಕ್ತಿಯ ಮಾತು ಬಂದಾಗ ಮುಂದಿನ ಸ್ಲೈಡಲ್ಲಿ ಅದೇ ಪಟ್ಟಿ, ನೀಲಿ ಆ ಸಾಲಿಗೆ.

ಸಮಯ ಆಗ್ತಾ ಬಂತು ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಬಣ್ಣದ ವಿಷಯ ಬೇಗ ಹೇಳ್ತೀನಿ: ಹಳದಿ ಅಕ್ಷರ ಬೇಡ, ಬಿಳಿ ಪರದೆ ಮೇಲೆ ಪ್ರೊಜೆಕ್ಟರ್ ಬೆಳಕಲ್ಲಿ ಕಾಣೋದೇ ಇಲ್ಲ. ಕೆಂಪು-ಹಸಿರು ಜೋಡಿಯೂ ಬೇಡ, ಕೆಲವರಿಗೆ ಎರಡೂ ಒಂದೇ ಥರ ಕಾಣುತ್ತೆ. ಅಕ್ಷರ ಸಾಕಷ್ಟು ದೊಡ್ಡದಿದೆಯಾ ಅಂತ ತಿಳಿಯೋಕೆ ಕೊನೇ ಬೆಂಚಿಗೆ ಹೋಗಿ ಕೂತು ನೋಡಿ.

ಮುಂದಿನ ವಾರ ಅದೇ ತರಗತಿಗೆ ಹೊಸ ಸ್ಲೈಡ್ ಹಾಕಿದೆ. ನಾನು ಬಾಯಿ ತೆರೆಯೋ ಮೊದಲೇ ಅದೇ ಹುಡುಗಿ ಕೇಳಿದಳು: "ಸರ್, 32 ಕಾರು ಸಾಕೇನ್ರೀ ಇಷ್ಟು ಹೇಳೋಕೆ?"