ಕೈಪಿಡಿಯ ಮೂರು ಭಾಗ, ಒಂದು ಖಾಲಿ ಚೌಕ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಳಸುವ ಆರ್‌ಒ ನೀರಿನ ಫಿಲ್ಟರ್‌ಗೆ ಕೈಪಿಡಿ ಬರೆಯುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಮೊದಲು ನಾನೇ ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ.

ನಾನು ಬರೆದ ಮೊದಲ ಕೈಪಿಡಿಯಲ್ಲಿ ಎರಡನೇ ಪುಟದ ತುಂಬ ಎಚ್ಚರಿಕೆಗಳಿದ್ದವು. ಒಟ್ಟು ಹದಿನಾಲ್ಕು. ಒಂಬತ್ತನೆಯದು ಹೀಗಿತ್ತು: "ಮೊದಲ ಸಲ ತುಂಬಿದ ಟ್ಯಾಂಕಿನ ನೀರನ್ನು ಕುಡಿಯಬೇಡಿ." ನೀರಿನ ಉಪ್ಪನ್ನು ಸೋಸುವ ಪೊರೆಯೇ ಮೆಂಬ್ರೇನ್. ಹೊಸ ಮೆಂಬ್ರೇನ್ ಕೆಡದಿರಲಿ ಎಂದು ತಯಾರಕರು ಅದಕ್ಕೆ ಒಂದು ರಾಸಾಯನಿಕ ಹಾಕಿರುತ್ತಾರೆ, ಕಾರ್ಬನ್ ಫಿಲ್ಟರ್‌ನಿಂದ ಕಪ್ಪು ಪುಡಿಯೂ ಸ್ವಲ್ಪ ಬರುತ್ತದೆ. ಅದೆಲ್ಲ ತೊಳೆದು ಹೋಗಬೇಕು. ಸರಿ, ಒಂಬತ್ತನೇ ಪುಟದಲ್ಲಿ ಜೋಡಣೆಯ ಹಂತಗಳು. ಅದರ ಕೊನೆಯ ಸಾಲು: "ಟ್ಯಾಂಕ್ ತುಂಬಿದ ಮೇಲೆ ನಲ್ಲಿ ತಿರುಗಿಸಿ ನೀರು ಹಿಡಿಯಿರಿ."

ಜನ ಹಿಡಿದರು, ಕುಡಿದರು. ನೀರಲ್ಲಿ ಔಷಧಿ ವಾಸನೆ ಎಂದು ಫೋನ್ ಬಂತು. "ಎರಡನೇ ಪುಟದಲ್ಲಿ ಬರೆದಿದ್ದೇವಲ್ಲ" ಎಂದು ನಾನು ವಾದ ಮಾಡಿದೆ. ಆಮೇಲೆ ನಾಚಿಕೆಯಾಯಿತು. ಕೈಯಲ್ಲಿ ಪೈಪು ಹಿಡಿದು ನಿಂತವರು ಎರಡನೇ ಪುಟಕ್ಕೆ ಯಾಕೆ ಹೋಗುತ್ತಾರೆ? ಅವರ ಕಣ್ಣು ಇರುವುದು ಒಂಬತ್ತನೇ ಪುಟದ ಮೇಲೆ.

ಈ ಯಂತ್ರದ ಕೈಪಿಡಿಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಹಾಕಿಸುವ ದಿನ ಒಮ್ಮೆ ತೆರೆಯುತ್ತಾರೆ, ನೀರು ಬಾರದ ದಿನ ಇನ್ನೊಮ್ಮೆ. ನಡುವೆ ಅದು ಯಾವುದೋ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ. ಹಾಗಾಗಿ ಎಚ್ಚರಿಕೆ, ಜೋಡಣೆ, ದೋಷಪಟ್ಟಿ ಮೂರನ್ನೂ ಬೇರೆ ಬೇರೆ ಬರೆದು ಒಟ್ಟಿಗೆ ಹೊಲಿದರೆ ಪ್ರಯೋಜನವಿಲ್ಲ. ಒಂದು ಭಾಗ ಇನ್ನೊಂದಕ್ಕೆ ಏನಾದರೂ ಕೊಡುವಂತಿರಬೇಕು.

ಮೊದಲು ಎಚ್ಚರಿಕೆಗಳು. ಬಳಕೆ ಸೂಚನೆಗಳಿಗೆಂದೇ ಐಇಸಿ/ಐಇಇಇ 82079-1 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಕೈಪಿಡಿಯ ಒಳಗೆ ಎಚ್ಚರಿಕೆ ಹೇಗಿರಬೇಕು ಅನ್ನುವುದಕ್ಕೆ ಅಮೆರಿಕದ ಆನ್ಸಿ ಜಡ್535.6 ಇದೆ. ಇದು ಎಚ್ಚರಿಕೆಗೆ ಬೇರೆ ಬೇರೆ ಜಾಗಗಳನ್ನು ಗುರುತಿಸುತ್ತದೆ. ಕೆಲವು ಎಚ್ಚರಿಕೆಗಳು ಒಂದೇ ಕಡೆ ಗುಂಪಾಗಿ ಬರುತ್ತವೆ. ಕೆಲವು ಒಂದು ಅಧ್ಯಾಯದ ಆರಂಭದಲ್ಲಿ. ಇನ್ನು ಕೆಲವು ಹಂತದ ಒಳಗೇ ಸೇರಿಕೊಂಡಿರುತ್ತವೆ. ನನ್ನ ತಪ್ಪು ಏನೆಂದರೆ, ಹಂತದ ಒಳಗೆ ಇರಬೇಕಾದದ್ದನ್ನು ಗುಂಪಿಗೆ ತಳ್ಳಿದ್ದೆ.

ಈಗ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಅಪಾಯ ಯಾವಾಗ ಎದುರಾಗುತ್ತದೆ? ಯಾವ ಹೊತ್ತಿಗೂ ಎದುರಾಗುವಂಥದ್ದಾದರೆ ಆರಂಭದ ಎಚ್ಚರಿಕೆ ಪುಟಕ್ಕೆ. ಉದಾಹರಣೆಗೆ, ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟುವುದು. ಒಂದು ನಿರ್ದಿಷ್ಟ ಕೆಲಸ ಮಾಡುವಾಗ ಮಾತ್ರ ಎದುರಾದರೆ ಆ ಕೆಲಸದ ಹಂತಕ್ಕೆ, ಅದೂ ಕೆಲಸದ ಸಾಲಿಗಿಂತ ಮೇಲೆ. "ಯುವಿ ದೀಪದ ಮುಚ್ಚಳ ಬಿಚ್ಚಿ. ಅದಕ್ಕೂ ಮೊದಲು ಪ್ಲಗ್ ತೆಗೆದಿರಬೇಕು" ಎಂದು ಬರೆದರೆ ಮುಚ್ಚಳ ಆಗಲೇ ಬಿಚ್ಚಿ ಆಗಿರುತ್ತದೆ, ಅಲ್ವಾ? ಹೀಗೆ ಬರೆಯಬೇಕು: "ಪ್ಲಗ್ ತೆಗೆಯಿರಿ. ಉರಿಯುತ್ತಿರುವ ಯುವಿ ದೀಪ ನೋಡಿದರೆ ಕಣ್ಣಿಗೆ ಪೆಟ್ಟಾಗುತ್ತದೆ. ಈಗ ಮುಚ್ಚಳ ಬಿಚ್ಚಿ." ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಎರಡೂ ಇದರಲ್ಲಿ ಇದೆ.

ಇನ್ನು ಪದಗಳು. ಇಂಗ್ಲಿಷ್ ಕೈಪಿಡಿಗಳಲ್ಲಿ ಡೇಂಜರ್, ವಾರ್ನಿಂಗ್, ಕಾಷನ್, ನೋಟಿಸ್ ಎಂದು ನಾಲ್ಕು ಮಟ್ಟ. ಡೇಂಜರ್ ಎಂದರೆ ತಪ್ಪಿಸದಿದ್ದರೆ ಸಾವು ಅಥವಾ ದೊಡ್ಡ ಗಾಯ ಆಗಿಯೇ ಆಗುತ್ತದೆ ಎಂದು. ವಾರ್ನಿಂಗ್ ಎಂದರೆ ಆಗಬಹುದು. ಕಾಷನ್ ಎಂದರೆ ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು. ಮನುಷ್ಯರಿಗೆ ಏನೂ ಆಗದೆ ಯಂತ್ರ ಮಾತ್ರ ಹಾಳಾಗುವುದಾದರೆ ನೋಟಿಸ್. ಕನ್ನಡದಲ್ಲಿ ಇವನ್ನು "ಅಪಾಯ", "ಎಚ್ಚರಿಕೆ", "ಎಚ್ಚರ", "ಸೂಚನೆ" ಎಂದು ಹಾಕಿದ್ದನ್ನು ನೋಡಿದ್ದೇನೆ. ಎಚ್ಚರಿಕೆಗೂ ಎಚ್ಚರಕ್ಕೂ ಏನು ವ್ಯತ್ಯಾಸ ಎಂದು ಯಾರಿಗೆ ಗೊತ್ತಾಗುತ್ತದೆ? ನಾನು "ಅಪಾಯ", "ಎಚ್ಚರಿಕೆ", "ಜೋಪಾನ", "ಯಂತ್ರ ಕೆಡಬಹುದು" ಎಂದು ಬಳಸುತ್ತೇನೆ. ನಾಲ್ಕನೆಯದು ಸ್ವಲ್ಪ ಉದ್ದ, ಆದರೆ ಓದಿದ ಕೂಡಲೇ ತಿಳಿಯುತ್ತದೆ. ಬಿಸಿನೀರಿನ ಲೈನಿಗೆ ಫಿಲ್ಟರ್ ಸೇರಿಸಿದರೆ ಮೆಂಬ್ರೇನ್ ಹಾಳಾಗುತ್ತದೆ, ಯಾರಿಗೂ ಗಾಯ ಆಗುವುದಿಲ್ಲ. ಅದಕ್ಕೆ ಕೆಂಪು ತ್ರಿಕೋನ ಹಾಕಿದರೆ ವಿದ್ಯುತ್ ಶಾಕ್‌ನ ತ್ರಿಕೋನಕ್ಕೆ ಬೆಲೆ ಹೋಗುತ್ತದೆ.

ಜೋಡಣೆಯ ಹಂತಗಳಲ್ಲಿ ಹೆಚ್ಚಿನವು ಸುಲಭ. ಗೋಡೆಗೆ ತೂತು, ಕೊಕ್ಕೆ, ನೇತು ಹಾಕು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರು ಸೋರುವುದು ಹೆಚ್ಚಾಗಿ ಪೈಪು ತಳ್ಳಿ ಕೂರಿಸುವ ಕನೆಕ್ಟರ್‌ನಲ್ಲಿ. "ಪೈಪನ್ನು ಕನೆಕ್ಟರ್‌ಗೆ ಸೇರಿಸಿ" ಎಂದಷ್ಟೇ ಬರೆದರೆ ಜನ ಮೊದಲ ತಡೆ ಸಿಕ್ಕಲ್ಲೇ ನಿಲ್ಲಿಸುತ್ತಾರೆ. ಅದು ಒಳಗಿನ ರಬ್ಬರ್ ಉಂಗುರ. ಅದನ್ನು ದಾಟಿ ಇನ್ನೂ ತಳ್ಳಬೇಕು. ಹಾಗಾಗಿ ಹಂತ ಹೀಗಿರಲಿ: ಪೈಪನ್ನು ನೇರವಾಗಿ ಕತ್ತರಿಸಿ, ತುದಿಯಿಂದ ಸುಮಾರು 15 ಮಿಲಿಮೀಟರ್ ದೂರದಲ್ಲಿ ಪೆನ್ನಿಂದ ಗೆರೆ ಹಾಕಿ, ಗೆರೆ ಕಾಣದಷ್ಟು ಒಳಗೆ ತಳ್ಳಿ, ಕ್ಲಿಪ್ ಹಾಕಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಪೈಪು ಅಲುಗಬಾರದು. ಎಷ್ಟು ತಳ್ಳಬೇಕು ಅನ್ನುವುದು ಕನೆಕ್ಟರ್‌ಗೆ ತಕ್ಕಂತೆ ಬದಲಾಗುತ್ತದೆ, ನಿಮ್ಮ ಯಂತ್ರದ ಅಳತೆಯನ್ನೇ ಹಾಕಿ. ಕೊನೆಯಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ಪರೀಕ್ಷೆ ಇರಲೇಬೇಕು.

ಈಗ ನನ್ನ ಇಷ್ಟದ ವಿಷಯಕ್ಕೆ ಬರುತ್ತೇನೆ. ಜೋಡಣೆಯ ಕೊನೆಯಲ್ಲಿ ಒಂದು ಖಾಲಿ ಚೌಕ ಬಿಡಿ. ಮೊದಲ ಟ್ಯಾಂಕ್ ನೀರು ಚೆಲ್ಲಿಸಿ. ಎಚ್ಚರಿಕೆಯ ಸಾಲು ಅಲ್ಲೇ ಇರಲಿ. ಎರಡನೇ ಸಲ ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕಾಯಿತು ಎಂದು ನೋಡಿ ಚೌಕದಲ್ಲಿ ಬರೆಯಿಸಿ. ಅದು ತುಂಬುವಾಗಲೇ ವೇಸ್ಟ್ ನೀರಿನ ಪೈಪನ್ನು ಒಂದು ಅಳತೆ ಜಗ್‌ಗೆ ಒಂದು ನಿಮಿಷ ಹಿಡಿದು, ಎಷ್ಟು ಮಿಲಿಲೀಟರ್ ಬಂತು ಎಂದೂ ಬರೆಯಿಸಿ. ಎರಡೇ ಅಂಕಿ.

ಯಾಕೆ ಅಂದರೆ, ದೋಷಪಟ್ಟಿಯಲ್ಲಿ ಎಲ್ಲರೂ "ನೀರು ನಿಧಾನವಾಗಿ ಬರುತ್ತಿದೆ" ಎಂದು ಬರೆಯುತ್ತೇವೆ. ಎಷ್ಟಕ್ಕಿಂತ ನಿಧಾನ? ಮೆಂಬ್ರೇನ್ ಮೇಲೆ 75 ಜಿಪಿಡಿ ಎಂದು ಇದ್ದರೆ ದಿನಕ್ಕೆ 75 ಅಮೆರಿಕನ್ ಗ್ಯಾಲನ್, ಅಂದರೆ ಗಂಟೆಗೆ ಸುಮಾರು 12 ಲೀಟರ್. ಎಂಟು ಲೀಟರ್ ಟ್ಯಾಂಕ್ ತುಂಬಲು 40 ನಿಮಿಷ. ಆದರೆ ಇದು ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದು, ಒತ್ತಡವೂ ಸರಿಯಾಗಿದ್ದಾಗಿನ ಲೆಕ್ಕ. ನೀರು ಒಂದೊಂದು ಡಿಗ್ರಿ ತಣ್ಣಗಾದಂತೆ ಹರಿವು ಸುಮಾರು ಶೇಕಡಾ 3ರಷ್ಟು ಕಡಿಮೆಯಾಗುತ್ತದೆ. 15 ಡಿಗ್ರಿ ನೀರಿನಲ್ಲಿ ಅದೇ ಟ್ಯಾಂಕ್‌ಗೆ 55 ನಿಮಿಷದ ಹತ್ತಿರ ಬೇಕು. ಇದು ದೋಷವೇ ಅಲ್ಲ. ಹಾಗಾಗಿ ದೋಷಪಟ್ಟಿಯಲ್ಲಿ "ಚಳಿಯಲ್ಲಿ ನಿಧಾನ: ಇದು ಸಹಜ" ಎಂಬ ಸಾಲೂ ಇರಬೇಕು. ಸುಮ್ನೆ ಬರುವ ಎಷ್ಟೋ ಫೋನ್ ಕರೆಗಳು ಇದರಿಂದ ತಪ್ಪುತ್ತವೆ.

ಒಂದು ಪ್ರಕರಣ ನೋಡೋಣ. ಒಂದು ಮನೆಯ ಚೌಕದಲ್ಲಿ 42 ನಿಮಿಷ, 450 ಮಿಲಿಲೀಟರ್ ಎಂದು ಬರೆದಿದೆ. ಹತ್ತು ತಿಂಗಳ ನಂತರ, ಹವೆ ಮೊದಲಿನಂತೆಯೇ ಇದ್ದರೂ, ಟ್ಯಾಂಕ್ ತುಂಬಲು 95 ನಿಮಿಷ ಬೇಕು. ವೇಸ್ಟ್ ನೀರು ಹಿಡಿದು ನೋಡಿದರು. ಅದು 460 ಬಂದಿದ್ದರೆ ಪಂಪ್ ಸರಿಯಾಗಿ ಒತ್ತುತ್ತಿದೆ ಎಂದರ್ಥ. ನೀರು ಮೆಂಬ್ರೇನ್‌ವರೆಗೆ ಬರುತ್ತಿದೆ, ಅದರ ಮೂಲಕ ದಾಟುತ್ತಿಲ್ಲ. ಮೆಂಬ್ರೇನ್ ಮೇಲೆ ಉಪ್ಪು ಕಟ್ಟಿರುವ ಸಾಧ್ಯತೆ ಹೆಚ್ಚು. ಅದು ತಂತ್ರಜ್ಞರ ಕೆಲಸ. ವೇಸ್ಟ್ ನೀರೂ 200ಕ್ಕೆ ಇಳಿದಿದ್ದರೆ ಕಥೆ ಬೇರೆ. ಒತ್ತಡವೇ ಬರುತ್ತಿಲ್ಲ. ನೀರಿನ ವಾಲ್ವ್ ಅರ್ಧ ಮುಚ್ಚಿರಬಹುದು, ಮೆಂಬ್ರೇನಿಗೂ ಮೊದಲು ಬರುವ ಕೆಸರು ಫಿಲ್ಟರ್ ಕಟ್ಟಿರಬಹುದು. ಮನೆಯವರೇ ನೋಡಬಹುದು. ಅದೆರಡೂ ಸರಿಮಾಡಿದ ಮೇಲೂ 200 ಆಗಿಯೇ ಉಳಿದರೆ ಪಂಪ್ ಸೋತಿರಬಹುದು, ಆಗ ಫೋನ್ ಮಾಡಿ. ಪಂಪ್ ಓಡುತ್ತಿದ್ದರೂ ವೇಸ್ಟ್ ನೀರು ಹೆಚ್ಚುಕಡಿಮೆ ನಿಂತೇ ಹೋಗಿದ್ದರೆ, ಹರಿವು ತಡೆಯುವ ಸಣ್ಣ ಭಾಗ ಅಥವಾ ಪೈಪು ಕಟ್ಟಿದೆ. ಉಪ್ಪೆಲ್ಲ ಒಳಗೇ ಉಳಿದು ಮೆಂಬ್ರೇನ್ ಬೇಗ ಹಾಳಾಗುತ್ತದೆ. ಪ್ಲಗ್ ತೆಗೆದು ತಂತ್ರಜ್ಞರಿಗಾಗಿ ಕಾಯಬೇಕು.

ಪಟ್ಟಿಯ ಎಡಗಡೆ ಬರೆಯಬೇಕಾದದ್ದು ಜನ ಕಾಣುವುದನ್ನು, ಕೇಳುವುದನ್ನು. "ಸೊಲೆನಾಯ್ಡ್ ವಾಲ್ವ್ ದೋಷ" ಎಂದು ಅಲ್ಲಿ ಬರೆದರೆ ಅದನ್ನು ಹುಡುಕುವವರು ತಂತ್ರಜ್ಞರು ಮಾತ್ರ. ಮನೆಯವರು ನೋಡುವುದು ಇದನ್ನು: "ಟ್ಯಾಂಕ್ ತುಂಬಿದೆ, ಪಂಪ್ ಸದ್ದಿಲ್ಲ, ವೇಸ್ಟ್ ನೀರು ಮಾತ್ರ ಹೋಗುತ್ತಲೇ ಇದೆ." ಪಕ್ಕದಲ್ಲಿ: "ನೀರು ತಡೆಯುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಮುಖ್ಯ ವಾಲ್ವ್ ಮುಚ್ಚಿ, ಫೋನ್ ಮಾಡಿ." ಹಾಗೆಯೇ "ಪಂಪ್ ಸದ್ದು ಇದೆ", "ಸದ್ದು ಇಲ್ಲ" ಎಂದು ಎರಡು ಸಾಲು ಮಾಡಿದರೆ ಪಟ್ಟಿ ಅರ್ಧ ಸರಳವಾಗುತ್ತದೆ. ಸದ್ದಿಲ್ಲದಿದ್ದರೆ ಪ್ಲಗ್, ಕರೆಂಟ್, ಒಳಗೆ ಬರುವ ನೀರು, ಈ ಕ್ರಮದಲ್ಲಿ ನೋಡಲಿ. ನೀರು ಬಾರದಿದ್ದರೆ ಒತ್ತಡದ ಸ್ವಿಚ್ ಪಂಪನ್ನು ತಾನೇ ನಿಲ್ಲಿಸುತ್ತದೆ. ಅದೂ ದೋಷವಲ್ಲ.

ಒಂದು ಸಾಲಿನಲ್ಲಿ ಹಲವು ಕಾರಣಗಳಿದ್ದರೆ ಯಾವುದು ಮೊದಲು? ಹೆಚ್ಚು ಸಲ ಕಾಣುವ ಕಾರಣ ಮೊದಲಿರಲಿ ಅನ್ನುವವರಿದ್ದಾರೆ. ನಾನು ನೋಡಲು ಸುಲಭವಾದದ್ದನ್ನು ಮೊದಲು ಇಡುತ್ತೇನೆ. ಪ್ಲಗ್ ನೋಡಲು ಎರಡು ಸೆಕೆಂಡ್ ಸಾಕು, ಫಿಲ್ಟರ್ ಬಿಚ್ಚಲು ಅರ್ಧ ಗಂಟೆ ಬೇಕು.

ಕೆಸರು ಫಿಲ್ಟರ್ ಬಿಚ್ಚಿ ಎಂದು ಪಟ್ಟಿ ಹೇಳುವಲ್ಲಿ ಎರಡನೇ ಪುಟದ ಎಚ್ಚರಿಕೆ ಮತ್ತೆ ಬರಬೇಕು: ಪ್ಲಗ್ ತೆಗೆಯಿರಿ, ವಾಲ್ವ್ ಮುಚ್ಚಿ, ಆಮೇಲೆ ಬಿಚ್ಚಿ. ಫಿಲ್ಟರ್ ಕೂತಿರುವ ಬಟ್ಟಲಿನಲ್ಲಿ ಒತ್ತಡದ ನೀರು ಇರುತ್ತದೆ, ಅದು ಕರೆಂಟ್ ಇರುವ ಭಾಗದ ಮೇಲೆ ಹಾರಬಹುದು. ಒಂದೇ ಮಾತು ಎರಡು ಸಲ ಬಂತು ಎಂದು ಸಂಪಾದಕರು ಗೀಟು ಹಾಕಿ ತೆಗೆಯುತ್ತಾರೆ. ನನ್ನ ಹಸ್ತಪ್ರತಿಯಲ್ಲೂ ತೆಗೆದಿದ್ದರು. ನಾನು ಮತ್ತೆ ಸೇರಿಸಿದೆ, ಪಕ್ಕದಲ್ಲಿ ಒಂದು ಟಿಪ್ಪಣಿಯನ್ನೂ ಬರೆದೆ: "ಈ ಪುಟ ತೆರೆದವರು ಎರಡನೇ ಪುಟ ನೋಡಿರುವುದಿಲ್ಲ."