ಹಿಂದಿಯ ‘ಮುಝೆ’: ‘ಕೋ’ ನಮಗೆ ಸಲೀಸು, ಎಡವೋದು ಅದರ ಮುಂದೆ

ಎಲ್ರಿಗೂ ನಮಸ್ಕಾರ. ‘ನನಗೆ ಟೀ ಬೇಕು’ ಅನ್ನೋದಕ್ಕೆ ಹಿಂದಿಲಿ ‘ಮುಝೆ ಚಾಯ್ ಚಾಹಿಯೇ’. ಈ ‘ಮುಝೆ’ ಅಂದ್ರೆ ‘ಮುಝ್‌ಕೋ’, ನಮ್ಮ ‘ನನಗೆ’ನೇ. ಇಷ್ಟ ಆಗೋದು, ಬೇಕಾಗೋದು, ಗೊತ್ತಿರೋದು, ಹಸಿವಾಗೋದು ಇವ್ಯಾವೂ ನಾವು ಮಾಡೋ ಕೆಲಸ ಅಲ್ಲ, ನಮಗೆ ಆಗೋವು, ಅದಕ್ಕೇ ನಾವು ‘ಗೆ’ ಹಾಕೋ ಕಡೆ ಅವ್ರು ‘ಕೋ’ ಹಾಕ್ತಾರೆ. ಇಲ್ಲಿವರೆಗೂ ಕನ್ನಡದವರಿಗೆ ಕಷ್ಟನೇ ಇಲ್ಲ.

ಈಗ ದೆಹಲಿಲಿ ಒಂದು ಸೀರೆ ಅಂಗಡಿ ಅನ್ಕೊಳ್ಳಿ. ನಮ್ಮ ಹುಡುಗ ಒಬ್ಬ ಅಮ್ಮನ ಜೊತೆ ಹೋಗಿದಾನೆ, ಒಂದು ಕೆಂಪು ಸೀರೆ ಹಿಡ್ಕೊಂಡು ಹೇಳ್ತಾನೆ:

[ಸ್ಕ್ರೀನ್ ಮೇಲೆ: ಮುಝೆ ಯೇ ಸಾಡೀ ಪಸಂದ್ ಆಯಾ ✗]

ನಾನು ಗಂಡಸು, ಅದಕ್ಕೆ ‘ಆಯಾ’ ಅಂತ ಅವನ ಲೆಕ್ಕ. ಆದ್ರೆ ‘ಕೋ’ ಅಂಟಿದ ಮೇಲೆ ಕ್ರಿಯಾಪದ ಆ ಮನುಷ್ಯನ ಕಡೆ ತಿರುಗಿನೂ ನೋಡಲ್ಲ, ಇಷ್ಟ ಆದ ವಸ್ತು ಯಾವುದು ಅಂತ ನೋಡುತ್ತೆ. ಸಾಡೀ ಸ್ತ್ರೀಲಿಂಗ, ಹಾಗಾಗಿ ‘ಪಸಂದ್ ಆಯೀ’. ಪಕ್ಕದಲ್ಲೇ ಅವನಮ್ಮ ಒಂದು ಕುರ್ತಾ ನೋಡಿ ಮೆಚ್ಕೊಂಡ್ರು ಅನ್ನಿ, ಅವ್ರು ಹೆಂಗಸಾದ್ರೂ ‘ಮುಝೆ ಯೇ ಕುರ್ತಾ ಪಸಂದ್ ಆಯಾ’ ಅಂತಲೇ ಹೇಳ್ಬೇಕು, ಯಾಕಂದ್ರೆ ಕುರ್ತಾ ಪುಲ್ಲಿಂಗ. ನಮ್ಮಲ್ಲಿ ಸೀರೆನೂ ಇಷ್ಟ ಆಯ್ತು, ಅಂಗಿನೂ ಇಷ್ಟ ಆಯ್ತು, ಎರಡಕ್ಕೂ ಒಂದೇ ‘ಆಯ್ತು’, ಹಾಗಾಗಿ ಈ ಲೆಕ್ಕ ನಮ್ಮ ಕಿವಿಗೆ ಅಭ್ಯಾಸನೇ ಇಲ್ಲ.

‘ಚಾಹಿಯೇ’ ಇನ್ನೂ ಮೋಸ ಮಾಡುತ್ತೆ. ಈಗ ಬೇಕು ಅಂದಾಗ ಚಾಯ್‌ಗೂ ಚಾಹಿಯೇ, ದೂಧ್‌ಗೂ ಚಾಹಿಯೇ, ಲಿಂಗ ಗೊತ್ತಿಲ್ದಿದ್ರೂ ನಡೆದುಹೋಗುತ್ತೆ. ‘ಬೇಕಿತ್ತು’ ಅನ್ನೋಕೆ ಹೋದ್ರೆ ಸಿಕ್ಕಿಬೀಳ್ತೀವಿ: ದೂಧ್ ಚಾಹಿಯೇ ಥಾ, ಚಾಯ್ ಚಾಹಿಯೇ ಥೀ.

ಇನ್ನು ‘ಗೊತ್ತು’. ನಾನು ಹಿಂದಿ ಹೇಳ್ಕೊಡುವಾಗ ಹುಡುಗೀರ ಬಾಯಲ್ಲಿ ಪದೇ ಪದೇ ಕೇಳೋದು ‘ಮುಝೆ ಪತಾ ಥೀ’. ಪಾಪ, ‘ಮೈಂ ಗಯೀ ಥೀ’ ಅಂತ ಕಲಿತಿರ್ತಾರೆ, ಅದನ್ನೇ ಇಲ್ಲೂ ತರ್ತಾರೆ. ಇಲ್ಲಿ ‘ಪತಾ’ ಪುಲ್ಲಿಂಗ ನಾಮಪದ, ಹಾಗಾಗಿ ಯಾರು ಹೇಳಿದ್ರೂ ‘ಮುಝೆ ಪತಾ ಥಾ’.

ಆದ್ರೆ ಒಂದು ಕಡೆ ನಮ್ಮ ‘ಗೆ’ನೇ ದಾರಿ ತಪ್ಸುತ್ತೆ. ‘ನನಗೆ ಅವರು ಗೊತ್ತು’ ಅನ್ನೋದನ್ನ ಪದಕ್ಕೆ ಪದ ಇಟ್ಟು ‘ಮುಝೆ ವೋ ಪತಾ ಹೈ’ ಅಂದ್ರೆ ‘ನನಗೆ ಆ ವಿಷಯ ಗೊತ್ತು’ ಅಂತ ಆಗ್ಬಿಡುತ್ತೆ. ಮನುಷ್ಯರ ಪರಿಚಯಕ್ಕೆ ‘ಜಾನ್‌ನಾ’ ಬರ್ಬೇಕು: ‘ಮೈಂ ಉನ್‌ಕೋ ಜಾನ್‌ತಾ ಹೂಂ’, ಹೆಂಗಸಾದ್ರೆ ‘ಜಾನ್‌ತೀ ಹೂಂ’. ಗಮನಿಸಿ, ‘ಕೋ’ ಈಗ ನನ್ನನ್ನ ಬಿಟ್ಟು ಅವ್ರಿಗೆ ಹೋಗಿ ಅಂಟ್ಕೊಂಡಿದೆ, ಅದಕ್ಕೇ ಕ್ರಿಯಾಪದ ಮತ್ತೆ ನನ್ನ ಮಾತು ಕೇಳ್ತಿದೆ.