ಪ್ಲಾಸ್ಮಿಡ್ ಬಿಟ್ಟ ಬ್ಯಾಕ್ಟೀರಿಯಾ ಯಾಕ ಸಾಯ್ತದ?

[ಟೇಬಲ್ ಮ್ಯಾಲ ಎರಡು ಪೆಟ್ರಿ ಪ್ಲೇಟ್, ಕ್ಯಾಮೆರಾ ಹತ್ರದಿಂದ]

ನಮಸ್ಕಾರ್ರಿ ಎಲ್ಲಾರಿಗೂ. ಕಲಬುರಗಿಯಾಗ ಎಂಎಸ್ಸಿ ಮಾಡೋ ಟೈಮಿನ್ಯಾಗ ನನ್ನ ಪ್ರಾಜೆಕ್ಟ್ ಏನಿತ್ತಂದ್ರ, ಇ. ಕೋಲಿ ಬ್ಯಾಕ್ಟೀರಿಯಾದಾಗಿಂದ ಆಂಪಿಸಿಲಿನ್ ರೆಸಿಸ್ಟನ್ಸ್ ಇರೋ ಪ್ಲಾಸ್ಮಿಡ್ ಹೊರಗ ಹಾಕೋದು, ಇದಕ್ಕ ಪ್ಲಾಸ್ಮಿಡ್ ಕ್ಯೂರಿಂಗ್ ಅಂತಾರ. ಔಷಧ ಹಾಕಲಾರದ 43 ಡಿಗ್ರಿಯೊಳಗ ಮೂರು ದಿನ ಬೆಳೆಸ್ದೆ, ಆಮ್ಯಾಲ ಬಂದ ಕಾಲನಿಯೊಳಗ 100 ಎತ್ತಿ ಒಂದೊಂದೇ ಟೂತ್‌ಪಿಕ್‌ಲೆ ಆಂಪಿಸಿಲಿನ್ ಪ್ಲೇಟಿಗೆ ಹಚ್ಚಿದೆ. ಪ್ಲಾಸ್ಮಿಡ್ ಕಳಕೊಂಡವು ಹತ್ತಿಪ್ಪತ್ತಾದ್ರೂ ಇರ್ತಾವ, ಅವು ಬೆಳೀಬಾರದು ಅಂತ ಕಾಯ್ಕೊಂಡು ಕುಂತಿದ್ದೆ, ಮರುದಿನ ನೋಡಿದ್ರ ನೂರಕ್ಕ ನೂರೂ ಬೆಳದಾವ. ಮೇಡಮ್ ಪ್ಲೇಟ್ ನೋಡಿ ಒಂದೇ ಮಾತು ಹೇಳಿದ್ರು: "ತಮ್ಮಾ, ಪ್ಲಾಸ್ಮಿಡ್ ಯಾವುದೂ ಕಳಕೊಂಡಿಲ್ಲ ಅಂತ ತಿಳೀಬ್ಯಾಡ, ಕಳಕೊಂಡವು ನಿನ್ನ ಪ್ಲೇಟಿನ ತನಕ ಬದುಕಿ ಬಂದಿಲ್ಲ."

ಇವತ್ತಿನ ವಿಡಿಯೋ ಪೂರ್ತಿ ಆ ಒಂದು ಮಾತಿನ ಮ್ಯಾಲೇ ಅದ.

[ತೆರೆ ಮ್ಯಾಲ: ಒಂದು ಸೆಲ್, ಒಳಗ ದೊಡ್ಡ ಕ್ರೋಮೋಸೋಮ್, ಬಾಜೂಕ ಎರಡು ಸಣ್ಣ ಉಂಗುರ]

ಪ್ಲಾಸ್ಮಿಡ್ ಅಂದ್ರ ಕ್ರೋಮೋಸೋಮ್ ಬಿಟ್ಟು ಬ್ಯಾರೆ ಇರೋ ಡಿಎನ್‌ಎ ಉಂಗುರ, ಇಷ್ಟು ನಿಮಗ ಗೊತ್ತೇ ಅದ. ಸೆಲ್ ಒಡೆದು ಎರಡಾಗೋವಾಗ ಉಂಗುರಗಳು ಯಾವ ಕಡಿ ಹೋಗ್ತಾವ ಅನ್ನೋದು ಪೂರಾ ನಸೀಬಿನ ಮ್ಯಾಲ ಬಿಟ್ರ ಏನಾಗ್ತದ ನೋಡ್ರಿ. ಉಂಗುರ 20 ಇದ್ರ ಒಂದು ಮರಿ ಸೆಲ್ಲಿಗೆ ಏನೂ ಸಿಗದೇ ಇರೋದು ಸುಮಾರು ಐದು ಲಕ್ಷ ಸಲ ಒಡೆದ್ರ ಒಮ್ಮೆ. ಅದೇ ಎರಡೇ ಇದ್ರ? ಎರಡೂ ಒಂದೇ ಕಡಿ ಬೀಳೋ ಚಾನ್ಸ್ ಅರ್ಧಕ್ಕರ್ಧ. ಇ. ಕೋಲಿಯ ಎಫ್ ಪ್ಲಾಸ್ಮಿಡ್ ಸುಮಾರು ಒಂದು ಲಕ್ಷ ಅಕ್ಷರ ಉದ್ದ ಅದ, ಕ್ರೋಮೋಸೋಮ್ ಒಂದಕ್ಕ ಒಂದೋ ಎರಡೋ ಕಾಪಿ ಅಷ್ಟೇ, ಹಿಂಗಾಗಿ ಅದು ನಸೀಬಿಗೆ ಬಿಡಂಗಿಲ್ಲ, ಎರಡೂ ಮರಿಗೆ ಹಂಚಿ ಕೊಡೋ ಪ್ರೋಟೀನ್ ತಾನೇ ಇಟ್ಕೊಂಡದ. ಆದ್ರೂ ಒಮ್ಮೊಮ್ಮೆ ತಪ್ತದ, ಮತ್ತ ತಪ್ಪಿದಾಗ ಕೆಲಸಕ್ಕ ಬರೋದೇ ಟಾಕ್ಸಿನ್-ಆಂಟಿಟಾಕ್ಸಿನ್ ಜೋಡಿ, ಅಂದ್ರ ವಿಷ ಮತ್ತ ಅದರ ಮದ್ದು.

ಎಫ್ ಪ್ಲಾಸ್ಮಿಡ್‌ನ್ಯಾಗ ಈ ಜೋಡಿ ಹೆಸರು ಸಿಸಿಡಿ. ಸಿಸಿಡಿ-ಬಿ ವಿಷ, ಸಿಸಿಡಿ-ಎ ಮದ್ದು, ಎರಡೂ ಜೀನ್ ಬಾಜೂಬಾಜೂಕ ಕುಂತಾವ. ಪ್ಲಾಸ್ಮಿಡ್ ಒಳಗ ಇರೋತನಕ ಎರಡೂ ತಯಾರಾಗ್ತಾವ, ಮದ್ದು ವಿಷಕ್ಕ ಅಂಟ್ಕೊಂಡು ಅದನ್ನ ಸುಮ್ನ ಕೂಡಿಸ್ತದ, ಸೆಲ್ಲಿಗೆ ಏನೂ ತ್ರಾಸಿಲ್ಲ.

[ತೆರೆ ಮ್ಯಾಲ: ಒಂದು ಕಡಿ ಖಡಕ್ ರೊಟ್ಟಿ, ಒಂದು ಕಡಿ ಹಾಲಿನ ಪಾಕೀಟು]

ಇಲ್ಲಿರೋ ಗುಟ್ಟು ಏನಂದ್ರ ಎರಡೂ ಒಂದೇ ಹೊತ್ತು ಬಾಳಂಗಿಲ್ಲ. ನಮ್ಮ ಮನ್ಯಾಗ ಖಡಕ್ ರೊಟ್ಟಿ ಮಾಡಿಟ್ರ ತಿಂಗಳಾದ್ರೂ ಏನೂ ಆಗಂಗಿಲ್ಲ, ಅದೇ ಮೇ ತಿಂಗಳ ಬಿಸಿಲಾಗ ಹಾಲು ಹೊರಗ ಇಟ್ರ ಸಂಜಿಗಂದ್ರ ಒಡೆದಿರ್ತದ, ದಿನಾ ಹೊಸಾದು ತರಲೇಬೇಕು. ಟಾಕ್ಸಿನ್ ಅಂದ್ರ ಆ ರೊಟ್ಟಿ, ಆಂಟಿಟಾಕ್ಸಿನ್ ಅಂದ್ರ ಹಾಲು. ಸೆಲ್ಲಿನೊಳಗ ಲಾನ್ ಅನ್ನೋ ಪ್ರೋಟೀನ್ ಕತ್ತರಿಸೋ ಎಂಜೈಮ್ ಅದ, ಅದು ಸಿಸಿಡಿ-ಎ ಕತ್ತರಿಸ್ತಾನೇ ಇರ್ತದ, ಪ್ಲಾಸ್ಮಿಡ್ ಹೊಸಾದು ಮಾಡಿ ಕೊಡ್ತಾನೇ ಇರ್ತದ. ಮರಿ ಸೆಲ್ಲಿಗೆ ಪ್ಲಾಸ್ಮಿಡ್ ಸಿಗಲಿಲ್ಲ ಅಂದ್ರ ಜೀನ್ ಇಲ್ಲ, ಆದ್ರ ತಾಯಿ ಸೆಲ್ಲಿನಾಗ ಮೊದಲೇ ಇದ್ದ ವಿಷಾನೂ ಮದ್ದೂ ಪಾಲಿಗೆ ಬಂದಿರ್ತಾವ. ಮದ್ದು ಖಾಲಿ ಆಗ್ತಾ ಹೋಗ್ತದ, ವಿಷ ಹಂಗೇ ಉಳೀತದ.

ಆಮ್ಯಾಲ ಸಿಸಿಡಿ-ಬಿ ಹೋಗಿ ಹಿಡಿಯೋದು ಡಿಎನ್‌ಎ ಗೈರೇಸ್ ಅನ್ನೋ ಎಂಜೈಮಿಗೆ. ಸಿಪ್ರೊಫ್ಲಾಕ್ಸಸಿನ್ ಗುಳಿಗಿ ನಿಮಗ ಗೊತ್ತಿರಬೇಕಲ್ಲ, ಅದರ ಗುರಿನೂ ಇದೇ ಗೈರೇಸ್, ಹಿಡಿಯೋ ಜಾಗ ಮಾತ್ರ ಬ್ಯಾರೆ. ಗೈರೇಸ್ ಕೆಲಸ ಏನು ಅಂದ್ರ ಡಿಎನ್‌ಎ ಎರಡೂ ಎಳಿ ಕಡಿದು, ನಡುವ ಇನ್ನೊಂದು ತುಂಡು ದಾಟಿಸಿ, ವಾಪಸ್ ಜೋಡಿಸೋದು. ಸಿಸಿಡಿ-ಬಿ ಅದನ್ನ ಕಡಿದ ಜಾಗದಾಗೇ ನಿಲ್ಲಿಸಿಬಿಡ್ತದ, ಜೋಡಿಸ್ಲಿಕ್ಕ ಬಿಡಂಗಿಲ್ಲ. ಡಿಎನ್‌ಎ ತುಂಡಾಗ್ತದ, ಸೆಲ್ ಒಡೆಯೋದು ಬಿಟ್ಟು ಬರೇ ಉದ್ದಾಗ್ಲಕತ್ತದ, ಮೈಕ್ರೋಸ್ಕೋಪಿನ್ಯಾಗ ಸಣ್ಣ ಕಡ್ಡಿ ಬದ್ಲಿ ಉದ್ದುದ್ದ ದಾರ ಕಾಣ್ತಾವ, ಆಮ್ಯಾಲ ಸಾಯ್ತದ.

ಈಗ ನನಗ ಭಾಳ ಇಷ್ಟ ಇರೋ ಪ್ರಯೋಗಕ್ಕ ಬರ್ತೀನಿ. 1983ರಾಗ ಜಪಾನಿನ ಒಗುರಾ ಮತ್ತ ಹಿರಾಗಾ ಎಫ್ ಪ್ಲಾಸ್ಮಿಡ್‌ನ ಸಣ್ಣ ಆವೃತ್ತಿ ತಗೊಂಡು, ಅದು ಹೊಸ ಕಾಪಿ ಮಾಡೋದನ್ನ ನಿಲ್ಲಿಸಿ, ಸೆಲ್ ಮಾತ್ರ ಬೆಳಿಲಿಕ್ಕ ಬಿಟ್ರು. ಲೆಕ್ಕ ತಿಳೀಲಿ ಅಂತ ನಾನೇ ಒಂದು ಉದಾಹರಣೆ ಮಾಡೀನಿ, ಒಂದೇ ಸೆಲ್, ಅದರಾಗ ನಾಲ್ಕು ಕಾಪಿ, ಸಮನಾಗಿ ಹಂಚ್ತಾವ ಅಂತ ಇಟ್ಕೊಳ್ರಿ.

[ತೆರೆ ಮ್ಯಾಲ: ಸೆಲ್‌ಗಳು ಒಡೆಯೋ ಚಿತ್ರ, 1, 2, 4]

ಮೊದಲ ಸಲ ಒಡೆದಾಗ ಎರಡು ಸೆಲ್, ತಲಾ ಎರಡು ಕಾಪಿ. ಎರಡನೇ ಸಲಕ್ಕ ನಾಲ್ಕು ಸೆಲ್, ತಲಾ ಒಂದು. ಮೂರನೇ ಸಲ ಎಂಟು ಸೆಲ್ ಆಗ್ತಾವ ಖರೆ, ಆದ್ರ ನಾಲ್ಕಕ್ಕೇ ಪ್ಲಾಸ್ಮಿಡ್ ಅದ, ಉಳಿದ ನಾಲ್ಕು ಖಾಲಿ. ಈಗ ಔಷಧ ಇಲ್ದ ಪ್ಲೇಟಿಗೆ ಹಚ್ಚಿ ಬದುಕಿದ್ದು ಎಷ್ಟು ಅಂತ ಎಣಿಸ್ರಿ. ಸಿಸಿಡಿ ಇಲ್ದ ಪ್ಲಾಸ್ಮಿಡ್ ಆದ್ರ ಎಂಟೂ ಕಾಲನಿ ಬರ್ತಾವ, ಮುಂದ 16, 32. ಸಿಸಿಡಿ ಇದ್ರ ಕಾಲನಿ ನಾಲ್ಕಕ್ಕೇ ನಿಂತ್ಬಿಡ್ತದ, ಮೈಕ್ರೋಸ್ಕೋಪಿನ್ಯಾಗ ಸೆಲ್ ಎಣಿಸಿದ್ರ 8, 12, 16 ಅಂತ ಏರ್ತಾ ಇರ್ತದ. ಕಣ್ಣಿಗೆ ಕಾಣೋ ಸೆಲ್ ಜಾಸ್ತಿ, ಕಾಲನಿ ಕಮ್ಮಿ, ಈ ಫರಕೇ ಪುರಾವೆ.

ಮಜಾ ಏನಂದ್ರ 1983ರಾಗ ಇದನ್ನ ಅವರು ಬ್ಯಾರೆ ಥರ ಓದಿದ್ರು, ಪ್ಲಾಸ್ಮಿಡ್ ಕಾಪಿ ಕಮ್ಮಿ ಆದ್ರ ಸೆಲ್ ಒಡೆಯೋದನ್ನ ತಡೆದು ನಿಲ್ಲಿಸ್ತದ ಅಂತ. 1985ರಾಗ ಜಾಫೆ ಅನ್ನೋ ವಿಜ್ಞಾನಿ ಸಂಗಾಟ ಸೇರಿ ಅವರೇ ಮತ್ತ ನೋಡಿದಾಗ ಸೆಲ್ ಕಾಯ್ತಾ ನಿಂತಿಲ್ಲ, ಪ್ಲಾಸ್ಮಿಡ್ ಇಲ್ದ ಮರಿಗಳು ಹುಟ್ಟಿ ಸಾಯ್ಲಕತ್ತಾವ ಅಂತ ತಿಳೀತು. ಮರುವರ್ಷ ಗೆರ್ಡೆಸ್ ಅವರ ತಂಡ ಆರ್1 ಅನ್ನೋ ರೆಸಿಸ್ಟನ್ಸ್ ಪ್ಲಾಸ್ಮಿಡ್‌ನ್ಯಾಗ ಇದೇ ಥರ ಸಾಯಿಸೋ ಇನ್ನೊಂದು ಜೋಡಿ ತೋರಿಸ್ತು. ಅದರಾಗ ಮದ್ದು ಪ್ರೋಟೀನ್ ಅಲ್ಲ, ಲಗೂನ ಹಾಳಾಗೋ ಸಣ್ಣ ಆರ್‌ಎನ್‌ಎ.

ಹಿಂಗಾಗಿ ಈ ಜೋಡಿ ಪ್ಲಾಸ್ಮಿಡ್ ಕಳೆಯೋದನ್ನ ತಡೀತದ ಅಂತ ಬರೆಯೋದು ನನಗ ಸರಿ ಕಾಣಂಗಿಲ್ಲ. ಅದು ಏನೂ ಹಿಡಿದಿಟ್ಕೊಳ್ಳಂಗಿಲ್ಲ, ಕಳಕೊಂಡ ಸೆಲ್ಲು ಗುಂಪಿನಾಗ ಉಳೀಲಾರದಂಗ ಮಾಡ್ತದ ಅಷ್ಟೇ.

[ತೆರೆ ಮ್ಯಾಲ: ಕ್ರೋಮೋಸೋಮ್ ಚಿತ್ರ]

ಇಂಥಾ ಜೋಡಿ ಕ್ರೋಮೋಸೋಮಿನ ಮ್ಯಾಲೂ ಅವ. ಕ್ರೋಮೋಸೋಮ್ ಕಳೆದುಹೋಗೋ ಸಾಮಾನಲ್ಲ, ಮತ್ತ ಅಲ್ಲಿ ಯಾಕ ಅಂತ ಕೇಳ್ಬಹುದು. ಕಾಲರಾ ಬ್ಯಾಕ್ಟೀರಿಯಾದಾಗ ಇಂಟೆಗ್ರಾನ್ ಅಂತ ನೂರಾರು ಜೀನ್‌ಗಳ ದೊಡ್ಡ ಸಾಲು ಅದ, ನಡುನಡುವ ಹತ್ತಕ್ಕಿಂತ ಹೆಚ್ಚು ಜೋಡಿ ಕುಂತಾವ, ಆ ಸಾಲಿನಾಗ ದೊಡ್ಡ ತುಂಡು ಉದುರಿದ್ರ ಜೋಡಿನೂ ಉದುರ್ತದ, ಸೆಲ್ ಸಾಯ್ತದ. ಅಂದ್ರ ಲೆಕ್ಕ ಪ್ಲಾಸ್ಮಿಡ್‌ದೇ. ಇದಕ್ಕ ಉಲ್ಟಾನೂ ಆಗ್ತದ: ಗಿಡ ಕೊಳೆಸೋ ಡಿಕೇಯಾ ಅನ್ನೋ ಬ್ಯಾಕ್ಟೀರಿಯಾದ ಕ್ರೋಮೋಸೋಮಿನ್ಯಾಗ ಸಿಸಿಡಿಯಂಥಾ ಜೋಡಿ ಅದ, ಅದರ ಮದ್ದು ಎಫ್ ಪ್ಲಾಸ್ಮಿಡ್‌ನ ವಿಷಕ್ಕೂ ನಾಟ್ತದ. ಆ ಮದ್ದು ತಯಾರಾಗ್ತಾ ಇರೋ ಸೆಲ್ ಎಫ್ ಕಳಕೊಂಡ್ರೂ ಬದುಕ್ತದ. ಎಲ್ಲಾ ಜೋಡಿಗೂ ಇದು ಬರಂಗಿಲ್ಲ, ಇ. ಕೋಲಿ ಓ157 ಕ್ರೋಮೋಸೋಮಿನ ಸಿಸಿಡಿ ಎಫ್‌ನಿಂದ ಕಾಪಾಡಂಗಿಲ್ಲ, ಮದ್ದೂ ವಿಷಾನೂ ಒಂದಕ್ಕೊಂದು ಹೊಂದಬೇಕು.

ಈ ಡಿಕೇಯಾ ಸಂಗತಿ ಓದಿದ ಮ್ಯಾಲೇ ನನ್ನ ಪ್ಲೇಟಿನ ದಾರಿ ತಿಳೀತು. ಮೊದಲು ಪಿಸಿಆರ್ ಮಾಡಿದೆ, ಸಿಸಿಡಿ ಬ್ಯಾಂಡ್ ಚೊಕ್ಕ ಬಂತು. ಆಮ್ಯಾಲ ಸಿಸಿಡಿ-ಎ ಒಂದೇ ಇರೋ ಇನ್ನೊಂದು ಸಣ್ಣ ಪ್ಲಾಸ್ಮಿಡ್ ಅದೇ ಸೆಲ್ಲಿಗೆ ಹಾಕಿದೆ, ಅದರ ಗುರುತಿಗೆ ಆಂಪಿಸಿಲಿನ್ ಬ್ಯಾಡ, ಕ್ಲೋರಾಂಫೆನಿಕಾಲ್ ಇಟ್ಟಿದ್ದೆ, ಇಲ್ಲಂದ್ರ ಯಾವುದು ಹೋತು ಯಾವುದು ಉಳೀತು ಗೊತ್ತಾಗಂಗಿಲ್ಲ. ಮತ್ತ ಅದೇ 43 ಡಿಗ್ರಿ, ಅದೇ ಮೂರು ದಿನ, ಈ ಸಲ ಕ್ಲೋರಾಂಫೆನಿಕಾಲ್ ಹಾಕಿ ಬೆಳೆಸಿ, ಮತ್ತ 100 ಟೂತ್‌ಪಿಕ್.

[ಎರಡನೇ ಪ್ಲೇಟ್ ಎತ್ತಿ ತೋರಿಸೋದು]

ಆಂಪಿಸಿಲಿನ್ ಪ್ಲೇಟಿನ್ಯಾಗ 14 ಜಾಗ ಖಾಲಿ ನೋಡ್ರಿ. ಆ 14 ಪ್ಲಾಸ್ಮಿಡ್ ಬಿಟ್ಟೂ ಬದುಕ್ಯಾವ.